‘ಡೆಲ್ಟಾ ನ್ಯೂಟ್ರಲ್ ಮಾಡಿದರೆ ನಷ್ಟವೇ ಇಲ್ಲ’ ಎನ್ನುವುದು ಎಷ್ಟು ನಿಜ? ಒಂದು ಲೆಕ್ಕದ ಮೂಲಕ ಡೆಲ್ಟಾ ಮತ್ತು ಗಾಮಾ

“ಆಪ್ಷನ್ ಮಾರಿ, ಪ್ರೀಮಿಯಂ ಜೇಬಿಗೆ ಹಾಕಿಕೊಳ್ಳಿ. ಡೆಲ್ಟಾ ಹೆಡ್ಜ್ ಮಾಡಿ. ಮಾರುಕಟ್ಟೆ ಮೇಲೆ ಹೋದರೂ ಸರಿ, ಕೆಳಗೆ ಬಂದರೂ ಸರಿ, ನಿಮಗೆ ನಷ್ಟವೇ ಇಲ್ಲ.” ಷೇರು ಮಾರುಕಟ್ಟೆಯ ವಾಟ್ಸ್‌ಆ್ಯಪ್ ಮತ್ತು ಟೆಲಿಗ್ರಾಂ ಗುಂಪುಗಳಲ್ಲಿ ಈ ಬಗೆಯ ಮೆಸೇಜುಗಳು ಓಡಾಡುತ್ತಲೇ ಇರುತ್ತವೆ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧದ ಹೆಸರು ಗಾಮಾ.

ಕಾಲ್, ಪುಟ್, ಸ್ಟ್ರೈಕ್ ಬೆಲೆ, ಪ್ರೀಮಿಯಂ, ಎಕ್ಸ್‌ಪೈರಿ ಅಂದರೆ ಏನೆಂದು ನಿಮಗೆ ಗೊತ್ತಿದೆ ಎಂದುಕೊಂಡು ಮುಂದೆ ಹೋಗೋಣ. ಒಂದೇ ಒಂದು ಉದಾಹರಣೆಯನ್ನು ಹಿಡಿದು ಕೊನೆಯವರೆಗೂ ಲೆಕ್ಕ ಮಾಡೋಣ.

ನಮ್ಮ ಉದಾಹರಣೆ

ಒಂದು ಕಂಪನಿಯ ಷೇರು ಈಗ 1000 ರೂಪಾಯಿಯಲ್ಲಿದೆ. ಅದರ 1000 ರೂಪಾಯಿ ಸ್ಟ್ರೈಕ್‌ನ ಕಾಲ್ ಆಪ್ಷನ್ ಇದೆ, ಎಕ್ಸ್‌ಪೈರಿಗೆ 30 ದಿನ ಬಾಕಿ. ಒಂದು ಲಾಟ್‌ಗೆ 1000 ಷೇರು. ಈ ಷೇರು ವರ್ಷಕ್ಕೆ ಸುಮಾರು ಶೇ. 30ರ ಲೆಕ್ಕದಲ್ಲಿ ಏರಿಳಿಯಬಹುದು ಎಂದು ಮಾರುಕಟ್ಟೆ ಅಂದಾಜಿಸಿದೆ. ಆಪ್‌ಗಳಲ್ಲಿ ‘ಐವಿ’ ಎಂದು ಕಾಣುವುದು ಇದೇ ಸಂಖ್ಯೆ. ಲೆಕ್ಕ ಸುಲಭವಾಗಲಿ ಎಂದು ಬಡ್ಡಿ ಮತ್ತು ಡಿವಿಡೆಂಡ್ ಎರಡನ್ನೂ ಸೊನ್ನೆ ಎಂದು ಹಿಡಿಯೋಣ.

1973ರಲ್ಲಿ ಪ್ರಕಟವಾದ ಬ್ಲ್ಯಾಕ್–ಶೋಲ್ಸ್ ಸೂತ್ರಕ್ಕೆ ಈ ಅಂಕಿಗಳನ್ನು ಹಾಕಿದರೆ ಕಾಲ್‌ನ ಬೆಲೆ 34.30 ರೂಪಾಯಿ ಬರುತ್ತದೆ. ನೀವು ಒಂದು ಲಾಟ್ ಮಾರಿದಿರಿ ಎಂದುಕೊಳ್ಳಿ. ಕೈಗೆ ಬಂದ ಪ್ರೀಮಿಯಂ 34,300 ರೂಪಾಯಿ. ಈಗ ನಿಮ್ಮ ಭಯ ಒಂದೇ: ಷೇರು ಏರಿದರೆ ಈ ಕಾಲ್‌ನ ಬೆಲೆಯೂ ಏರುತ್ತದೆ, ಅದೆಲ್ಲ ನಿಮ್ಮ ನಷ್ಟ. ಹಾಗಾದರೆ ಎಷ್ಟು ಏರುತ್ತದೆ?

ಡೆಲ್ಟಾ: 1 ರೂಪಾಯಿಗೆ ಎಷ್ಟು ಪೈಸೆ?

ಷೇರು 1 ರೂಪಾಯಿ ಏರಿದರೆ ಆಪ್ಷನ್‌ನ ಬೆಲೆ ಎಷ್ಟು ಏರುತ್ತದೆ ಎಂಬುದೇ ಡೆಲ್ಟಾ. ನಮ್ಮ ಕಾಲ್‌ನ ಡೆಲ್ಟಾ 0.517. ಅಂದರೆ ಷೇರು 1 ರೂಪಾಯಿ ಮೇಲೆ ಹೋದರೆ ಕಾಲ್ ಸುಮಾರು 52 ಪೈಸೆ ಮೇಲೆ ಹೋಗುತ್ತದೆ, 1 ರೂಪಾಯಿ ಇಳಿದರೆ ಅಷ್ಟೇ ಇಳಿಯುತ್ತದೆ.

ಇದನ್ನು ಇನ್ನೊಂದು ರೀತಿಯಲ್ಲಿ ಓದುವುದೇ ಹೆಡ್ಜಿಂಗ್‌ನ ಗುಟ್ಟು. 1000 ಷೇರಿನ ಕಾಲ್ ಈ ಕ್ಷಣದಲ್ಲಿ 517 ಷೇರುಗಳ ಹಾಗೆ ವರ್ತಿಸುತ್ತಿದೆ. ನೀವು ಅದನ್ನು ಮಾರಿದ್ದೀರಿ, ಅಂದರೆ 517 ಷೇರು ಮಾರಿದವರ ಸ್ಥಿತಿಯಲ್ಲಿದ್ದೀರಿ. ಹಾಗಾದರೆ 517 ಷೇರು ಕೊಂಡು ಇಟ್ಟುಕೊಂಡರೆ ಎರಡೂ ಸರಿಸಮ. ಕಾಲ್‌ನಲ್ಲಿ ಹೋದದ್ದು ಷೇರಿನಲ್ಲಿ ಬರುತ್ತದೆ, ಷೇರಿನಲ್ಲಿ ಹೋದದ್ದು ಕಾಲ್‌ನಲ್ಲಿ ಬರುತ್ತದೆ. ಇದೇ ‘ಡೆಲ್ಟಾ ನ್ಯೂಟ್ರಲ್’.

ಲಾಟ್‌ನಲ್ಲಿ 1000 ಷೇರು ಇದೆಯಲ್ಲ, ಪೂರ್ತಿ ಸಾವಿರ ಯಾಕೆ ಕೊಳ್ಳಬಾರದು? ಕೊಳ್ಳಬಹುದು, ಅದಕ್ಕೆ ‘ಕವರ್ಡ್ ಕಾಲ್’ ಎನ್ನುತ್ತಾರೆ. ಆದರೆ ಆಗ ನಿಮ್ಮ ಬಳಿ ಅಗತ್ಯಕ್ಕಿಂತ 483 ಷೇರು ಹೆಚ್ಚಿರುತ್ತದೆ. ಷೇರು ಬಿದ್ದರೆ ಆ ಹೆಚ್ಚುವರಿ ಷೇರುಗಳ ನಷ್ಟ ನಿಮ್ಮದೇ. ಅದು ಷೇರು ಏರಲಿ ಎಂದು ಕಟ್ಟಿದ ಬಾಜಿ, ಹೆಡ್ಜ್ ಅಲ್ಲ.

ಇಲ್ಲೇ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಿಕೊಳ್ಳೋಣ. ‘ಡೆಲ್ಟಾ 0.52 ಅಂದರೆ ಆಪ್ಷನ್ ಹಣದಲ್ಲಿ ಮುಗಿಯುವ ಸಾಧ್ಯತೆ ಶೇ. 52’ ಎಂದು ಹಲವರು ಹೇಳುತ್ತಾರೆ. ಒರಟು ಅಂದಾಜಿಗೆ ಇದು ನಡೆಯುತ್ತದೆ, ಆದರೆ ಎರಡೂ ಒಂದೇ ಅಲ್ಲ. ಅದೇ ಸೂತ್ರದ ಪ್ರಕಾರ ನಮ್ಮ ಕಾಲ್ ಹಣದಲ್ಲಿ ಮುಗಿಯುವ ಸಾಧ್ಯತೆ ಸುಮಾರು ಶೇ. 48. ಡೆಲ್ಟಾ ಹೇಳುವುದು ಎಷ್ಟು ಷೇರು ಇಟ್ಟುಕೊಳ್ಳಬೇಕು ಎಂಬುದನ್ನು.

ಹೆಡ್ಜ್ ಮಾಡಿಯೂ ದುಡ್ಡು ಹೋಯಿತು, ಎಲ್ಲಿಗೆ?

ಈಗ ಷೇರು ಅದೇ ದಿನ ಬೇರೆ ಬೇರೆ ಬೆಲೆಗೆ ಹೋದರೆ ಏನಾಗುತ್ತದೆ ನೋಡೋಣ. ಐವಿ ಬದಲಾಗಲಿಲ್ಲ ಎಂದು ಹಿಡಿದರೆ ಲೆಕ್ಕ ಹೀಗೆ ಬರುತ್ತದೆ:

| ಷೇರಿನ ಬೆಲೆ | ಕಾಲ್‌ನ ಬೆಲೆ | ಡೆಲ್ಟಾ |
|---|---|---|
| 950 | 14.22 | 0.290 |
| 990 | 29.36 | 0.471 |
| 1000 | 34.30 | 0.517 |
| 1010 | 39.70 | 0.563 |
| 1050 | 65.66 | 0.729 |

ಷೇರು 1010ಕ್ಕೆ ಏರಿತು ಎನ್ನಿ. ಕಾಲ್ 34.30ರಿಂದ 39.70ಕ್ಕೆ ಹೋಗಿದೆ. ಮಾರಿದ ನಿಮಗೆ ನಷ್ಟ 5,400 ರೂಪಾಯಿ. 517 ಷೇರುಗಳಲ್ಲಿ ತಲಾ 10 ರೂಪಾಯಿಯಂತೆ ಬಂದ ಲಾಭ 5,170. ಕೊನೆಗೆ ನಿಮ್ಮ ಕೈಯಿಂದ ಹೋದದ್ದು 230 ರೂಪಾಯಿ.

ಷೇರು 990ಕ್ಕೆ ಇಳಿಯಿತು ಎನ್ನಿ. ಈಗ ಕಾಲ್ ಅಗ್ಗವಾಗಿದೆ, ಅದರಲ್ಲಿ ನಿಮಗೆ 4,940 ರೂಪಾಯಿ ಲಾಭ. ಆದರೆ ಷೇರುಗಳಲ್ಲಿ 5,170 ನಷ್ಟ. ಇಲ್ಲೂ ಹೋದದ್ದು 230 ರೂಪಾಯಿ.

ಇದನ್ನು ಸ್ವಲ್ಪ ನಿಂತು ನೋಡಿ. ಮೇಲೆ ಹೋದರೂ ನಷ್ಟ, ಕೆಳಗೆ ಬಂದರೂ ಅಷ್ಟೇ ನಷ್ಟ. 10 ಲಕ್ಷ ರೂಪಾಯಿ ಮೌಲ್ಯದ ಲಾಟ್‌ನಲ್ಲಿ 230 ರೂಪಾಯಿ ದೊಡ್ಡದಲ್ಲ, ನಿಜ. ಆದರೆ ಷೇರು 10ರ ಬದಲು 50 ರೂಪಾಯಿ ಚಲಿಸಿದರೆ?

1050ಕ್ಕೆ ಹೋದರೆ ಕಾಲ್‌ನಲ್ಲಿ ನಷ್ಟ 31,360, ಷೇರಿನಲ್ಲಿ ಲಾಭ 25,850. ನಿವ್ವಳ ನಷ್ಟ 5,510 ರೂಪಾಯಿ. 950ಕ್ಕೆ ಬಂದರೆ ಕಾಲ್‌ನಲ್ಲಿ ಲಾಭ 20,080, ಷೇರಿನಲ್ಲಿ ನಷ್ಟ 25,850. ನಿವ್ವಳ ನಷ್ಟ 5,770. ಚಲನೆ ಐದು ಪಟ್ಟು ಹೆಚ್ಚಿತು, ನಷ್ಟ ಮಾತ್ರ ಸುಮಾರು ಇಪ್ಪತ್ತೈದು ಪಟ್ಟು ಹೆಚ್ಚಿತು. ಫಾರ್ವರ್ಡ್ ಮೆಸೇಜು ಹೇಳದೆ ಬಿಟ್ಟ ವಿಷಯ ಇದೇ.

ಗಾಮಾ: ಡೆಲ್ಟಾ ಎಷ್ಟು ಬೇಗ ಬದಲಾಗುತ್ತದೆ?

ಮೇಲಿನ ಕೋಷ್ಟಕದ ಮೂರನೇ ಸಾಲನ್ನು, ಅದರ ಮೇಲಿನ ಮತ್ತು ಕೆಳಗಿನ ಸಾಲುಗಳನ್ನು ಮತ್ತೆ ನೋಡಿ. ಡೆಲ್ಟಾ ಒಂದೇ ಕಡೆ ನಿಂತಿಲ್ಲ. ಷೇರು 10 ರೂಪಾಯಿ ಏರಿದಾಗ 0.517 ಇದ್ದದ್ದು 0.563 ಆಗಿದೆ, ಇಳಿದಾಗ 0.471 ಆಗಿದೆ. ಎರಡೂ ಕಡೆಗೆ 0.046ರ ವ್ಯತ್ಯಾಸ. ಒಂದು ರೂಪಾಯಿಗೆ ಲೆಕ್ಕ ಹಾಕಿದರೆ ಸುಮಾರು 0.0046. ಷೇರು 1 ರೂಪಾಯಿ ಚಲಿಸಿದಾಗ ಡೆಲ್ಟಾ ಎಷ್ಟು ಬದಲಾಗುತ್ತದೆ ಎಂಬ ಈ ಸಂಖ್ಯೆಯೇ ಗಾಮಾ.

ಬೆಳೆಯುವ ಮಗುವಿಗೆ ಇಂದಿನ ಅಳತೆ ತೆಗೆದು ಅಂಗಿ ಹೊಲಿಸಿದ ಹಾಗೆ ಡೆಲ್ಟಾ ಹೆಡ್ಜ್. ಹೊಲಿಸಿದ ದಿನ ಅದು ಸರಿಯಾಗೇ ಇರುತ್ತದೆ. ಎಷ್ಟು ಬೇಗ ಬಿಗಿಯಾಗುತ್ತದೆ ಎಂಬುದನ್ನು ಹೇಳುವುದು ಗಾಮಾ.

ನಮ್ಮ ಲಾಟ್‌ನ ಲೆಕ್ಕದಲ್ಲಿ ಹೇಳುವುದಾದರೆ, ಷೇರು ಒಂದೊಂದು ರೂಪಾಯಿ ಏರಿದಾಗಲೂ ನಿಮಗೆ ಇನ್ನೂ ನಾಲ್ಕೂವರೆಗಿಂತ ತುಸು ಹೆಚ್ಚು ಷೇರು ಬೇಕಾಗುತ್ತದೆ. 1010ಕ್ಕೆ ಬರುವಷ್ಟರಲ್ಲಿ 563 ಷೇರು ಇರಬೇಕಿತ್ತು, ಇರುವುದು 517. ಕೊರತೆ 46. ಶುರುವಿನಲ್ಲಿ ಕೊರತೆ ಸೊನ್ನೆ, ಕೊನೆಯಲ್ಲಿ 46, ಅಂದರೆ ಸರಾಸರಿ 23 ಷೇರುಗಳ ಕೊರತೆಯೊಂದಿಗೆ ನೀವು 10 ರೂಪಾಯಿ ದೂರ ಸಾಗಿದಿರಿ. 23ನ್ನು 10ರಿಂದ ಗುಣಿಸಿದರೆ 230. ಮೇಲೆ ಕಳೆದುಹೋದ ಹಣ ಇದೇ.

ಷೇರು ಇಳಿದಾಗ ಕಥೆ ತಿರುಗುಮುರುಗು. 990ರಲ್ಲಿ 471 ಷೇರು ಸಾಕಿತ್ತು, ನಿಮ್ಮ ಬಳಿ 517 ಇದೆ. ಬೀಳುವ ಷೇರು ಬೇಕಾದ್ದಕ್ಕಿಂತ ಸರಾಸರಿ 23 ಹೆಚ್ಚಿತ್ತು. ಮತ್ತೆ ಅದೇ 230. ಏರುವಾಗ ಷೇರು ಕಡಿಮೆ, ಇಳಿಯುವಾಗ ಷೇರು ಹೆಚ್ಚು. ಆಪ್ಷನ್ ಮಾರಿ ಹೆಡ್ಜ್ ಮಾಡಿದವರು ಯಾವಾಗಲೂ ತಪ್ಪು ಕಡೆಗೇ ಇರುತ್ತಾರೆ. ಇದಕ್ಕೆ ‘ಶಾರ್ಟ್ ಗಾಮಾ’ ಎಂದು ಹೆಸರು.

ಚಲನೆ ಎರಡು ಪಟ್ಟಾದರೆ ಕೊರತೆಯೂ ಎರಡು ಪಟ್ಟು, ಆ ಕೊರತೆಯೊಂದಿಗೆ ಸಾಗುವ ದೂರವೂ ಎರಡು ಪಟ್ಟು. ಹಾಗಾಗಿ ನಷ್ಟ ನಾಲ್ಕು ಪಟ್ಟು. ಇದನ್ನು ಒಂದೇ ಸಾಲಿನಲ್ಲಿ ಬರೆಯಬಹುದು:

ನಷ್ಟ ≈ ½ × ಗಾಮಾ × ಚಲನೆ × ಚಲನೆ × ಷೇರುಗಳ ಸಂಖ್ಯೆ

ದೊಡ್ಡ ಚಲನೆಯಲ್ಲಿ ಗಾಮಾ ತಾನೇ ಬದಲಾಗುವುದರಿಂದ ಇದು ಅಂದಾಜು ಮಾತ್ರ. 50 ರೂಪಾಯಿಗೆ ಈ ಸೂತ್ರ ಸುಮಾರು 5,790 ಎನ್ನುತ್ತದೆ. ನಿಜವಾದ ಉತ್ತರ 1050ರಲ್ಲಿ 5,510, 950ರಲ್ಲಿ 5,770. ಅಪಾಯದ ಗಾತ್ರ ತಿಳಿಯಲು ಇಷ್ಟು ಸಾಕು.

ಆಗಾಗ ಹೆಡ್ಜ್ ಸರಿಮಾಡಿಕೊಂಡರೆ ಆಯಿತಲ್ಲ?

ಸಹಜವಾದ ಪ್ರಶ್ನೆ. ಕೊರತೆ ಬಿದ್ದ ಕೂಡಲೇ ಷೇರು ಕೊಂಡು, ಹೆಚ್ಚಾದ ಕೂಡಲೇ ಮಾರಿದರೆ ನಷ್ಟ ನಿಲ್ಲಬೇಕಲ್ಲವೇ?

ಒಂದು ದಿನ ಹೀಗಾಯಿತು ಎನ್ನಿ. ಬೆಳಗ್ಗೆ ಒಂದು ಸುದ್ದಿ ಬಂದು ಷೇರು 1000ದಿಂದ 1050ಕ್ಕೆ ಹಾರಿತು. ಹೊಸ ಡೆಲ್ಟಾ 0.729. ನೀವು ಶಿಸ್ತಿನಿಂದ ಇನ್ನೂ 212 ಷೇರುಗಳನ್ನು 1050ಕ್ಕೆ ಕೊಂಡಿರಿ. ಮಧ್ಯಾಹ್ನ ಆ ಸುದ್ದಿ ಸುಳ್ಳೆಂದು ಗೊತ್ತಾಗಿ ಷೇರು ಮತ್ತೆ 1000ಕ್ಕೆ ಬಂತು. ಡೆಲ್ಟಾ ಮತ್ತೆ 0.517. ಈಗ ಆ 212 ಷೇರು ಹೆಚ್ಚಾಯಿತು, 1000ಕ್ಕೆ ಮಾರಿದಿರಿ.

ಕಾಲ್‌ನ ಬೆಲೆ ಬೆಳಗ್ಗೆ ಎಷ್ಟಿತ್ತೋ ಅಷ್ಟೇ ಇದೆ. ಮೊದಲ 517 ಷೇರುಗಳ ಬೆಲೆಯೂ ಅಷ್ಟೇ. ಆದರೆ ದುಬಾರಿಗೆ ಕೊಂಡು ಅಗ್ಗಕ್ಕೆ ಮಾರಿದ 212 ಷೇರುಗಳಲ್ಲಿ ತಲಾ 50 ರೂಪಾಯಿಯಂತೆ 10,600 ರೂಪಾಯಿ ಹೋಯಿತು. ಷೇರು ಹೊರಟ ಜಾಗಕ್ಕೇ ಬಂದು ನಿಂತಿದ್ದರೂ!

ಹೆಡ್ಜ್ ಸರಿಮಾಡುವುದು ನಷ್ಟವನ್ನು ಅಳಿಸುವುದಿಲ್ಲ, ಅದು ಇನ್ನೂ ಬೆಳೆಯದಂತೆ ಅಲ್ಲಿಗೇ ಕಟ್ಟಿಹಾಕುತ್ತದೆ. ಷೇರು 1050ರಿಂದ 1100ಕ್ಕೆ ಹೋಗಿದ್ದರೆ ಆ 212 ಷೇರುಗಳೇ ನಿಮ್ಮನ್ನು ಕಾಪಾಡುತ್ತಿದ್ದವು. ಯಾವಾಗ ಸರಿಮಾಡಬೇಕು, ಯಾವಾಗ ಕಾಯಬೇಕು ಎಂಬುದಕ್ಕೆ ಮುಂಚಿತವಾಗಿ ಗೊತ್ತಿರುವ ಉತ್ತರವಿಲ್ಲ. ಪ್ರತಿ ಸಲ ಕೊಂಡು ಮಾರಿದಾಗ ಬ್ರೋಕರೇಜ್, ಎಸ್‌ಟಿಟಿ ಮತ್ತಿತರ ಶುಲ್ಕಗಳು ಬೇರೆ ಕಟ್ಟಬೇಕು.

ಇದಕ್ಕಿಂತ ದೊಡ್ಡ ತೊಂದರೆ ಗ್ಯಾಪ್. ಮಾರುಕಟ್ಟೆ ಮುಚ್ಚಿದಾಗಿನ ಬೆಲೆಗೂ ಮರುದಿನ ತೆರೆದಾಗಿನ ಬೆಲೆಗೂ ನಡುವೆ ನೀವು ಏನನ್ನೂ ಕೊಳ್ಳಲು, ಮಾರಲು ಸಾಧ್ಯವಿಲ್ಲ. 2024ರ ಜೂನ್ ಮೊದಲ ವಾರವನ್ನು ನೆನಪಿಸಿಕೊಳ್ಳಿ. ಲೋಕಸಭಾ ಚುನಾವಣೆಯ ಎಕ್ಸಿಟ್ ಪೋಲ್ ಬಂದದ್ದು ಶನಿವಾರ ಸಂಜೆ. ಸೋಮವಾರ, ಜೂನ್ 3ರಂದು ನಿಫ್ಟಿ ತೆರೆಯುವಾಗಲೇ ಶೇ. 3ಕ್ಕೂ ಹೆಚ್ಚು ಮೇಲಿತ್ತು. ಮರುದಿನ ಮತ ಎಣಿಕೆ ನಡೆಯುತ್ತಿದ್ದಂತೆ ಸೂಚ್ಯಂಕ ಒಂದು ಹಂತದಲ್ಲಿ ಶೇ. 8ಕ್ಕೂ ಹೆಚ್ಚು ಕುಸಿದು, ದಿನದ ಕೊನೆಗೆ ಸುಮಾರು ಶೇ. 5.9ರ ನಷ್ಟದಲ್ಲಿ ನಿಂತಿತು. ಮೊದಲ ದಿನ ಮೇಲೆ, ಎರಡನೇ ದಿನ ಕೆಳಗೆ. ಆಪ್ಷನ್ ಮಾರಿ ಡೆಲ್ಟಾ ನ್ಯೂಟ್ರಲ್ ಮಾಡಿಕೊಂಡಿದ್ದವರ ಹೆಡ್ಜ್‌ಗೆ ಎರಡೂ ದಿನ ಪೆಟ್ಟು ಬೀಳುವಂಥ ಚಲನೆ ಅದು. ಸೋಮವಾರ ಬೆಳಗ್ಗೆ ಮೇಲಿನ ಬೆಲೆಗೆ ಹೆಡ್ಜ್ ಹೆಚ್ಚಿಸಿಕೊಂಡವರು ಮಂಗಳವಾರ ಅದನ್ನು ಕೆಳಗಿನ ಬೆಲೆಗೆ ಇಳಿಸಬೇಕಾಗಿತ್ತು. ನಮ್ಮ 212 ಷೇರುಗಳ ಕಥೆಯೇ ಇದು.

ಹಾಗಾದರೆ ಮಾರುವವರಿಗೆ ಸಿಗುವುದೇನು?

ಎರಡೂ ಕಡೆ ನಷ್ಟವೇ ಆದರೆ ಆಪ್ಷನ್‌ಗಳನ್ನು ಯಾರಾದರೂ ಯಾಕೆ ಮಾರುತ್ತಾರೆ? ಉತ್ತರ ಥೀಟಾ. ಬೇರೇನೂ ಬದಲಾಗದೆ ಒಂದು ದಿನ ಕಳೆದರೆ ಆಪ್ಷನ್‌ನ ಬೆಲೆ ಸ್ವಲ್ಪ ಕರಗುತ್ತದೆ. ನಮ್ಮ ಕಾಲ್‌ನಲ್ಲಿ ಅದು ದಿನಕ್ಕೆ ಸುಮಾರು 57 ಪೈಸೆ. ಲಾಟ್‌ಗೆ 570 ರೂಪಾಯಿ. ಗಾಮಾದ ಅಪಾಯ ಹೊತ್ತುಕೊಂಡಿದ್ದಕ್ಕೆ ನಿಮಗೆ ಸಿಗುವ ದಿನಗೂಲಿ ಇದು.

ಕೂಲಿ ಮತ್ತು ಗಾಮಾ ನಷ್ಟ ಎರಡನ್ನೂ ಸೇರಿಸಿ, ಒಂದು ದಿನದ ಲೆಕ್ಕ ನೋಡೋಣ. ಷೇರು ಯಾವ ಕಡೆಗೆ ಚಲಿಸಿದರೂ ಫಲಿತಾಂಶ ಹೆಚ್ಚುಕಡಿಮೆ ಒಂದೇ:

| ದಿನದ ಚಲನೆ | ಸುಮಾರು ಲಾಭ ಅಥವಾ ನಷ್ಟ |
|---|---|
| 0 ರೂಪಾಯಿ | 570 ಲಾಭ |
| 10 ರೂಪಾಯಿ | 340 ಲಾಭ |
| 16 ರೂಪಾಯಿ | ಹೆಚ್ಚುಕಡಿಮೆ ಸೊನ್ನೆ |
| 30 ರೂಪಾಯಿ | 1,500 ನಷ್ಟ |
| 50 ರೂಪಾಯಿ | 5,000 ನಷ್ಟ |

ನಡುವಿನ 16 ರೂಪಾಯಿ ಎಲ್ಲಿಂದ ಬಂತು? ಮಾರುಕಟ್ಟೆಯ ಅಂದಾಜು ವರ್ಷಕ್ಕೆ ಶೇ. 30 ಇತ್ತಲ್ಲ, ಅದನ್ನು 365ರ ವರ್ಗಮೂಲದಿಂದ, ಅಂದರೆ ಸುಮಾರು 19ರಿಂದ ಭಾಗಿಸಿದರೆ ದಿನಕ್ಕೆ ಶೇ. 1.57 ಬರುತ್ತದೆ. 1000 ರೂಪಾಯಿ ಷೇರಿಗೆ ಅದು 15.70 ರೂಪಾಯಿ. ನೀವು ಪಡೆದ ಪ್ರೀಮಿಯಂನಲ್ಲಿ ‘ಈ ಷೇರು ದಿನಕ್ಕೆ ಸುಮಾರು 16 ರೂಪಾಯಿ ಓಡಾಡುತ್ತದೆ’ ಎಂಬ ಅಂದಾಜು ಮೊದಲೇ ಅಡಗಿದೆ.

ಇಡೀ ವಿಷಯದ ತಿರುಳು ಇಲ್ಲಿದೆ. ಡೆಲ್ಟಾ ಹೆಡ್ಜ್ ಮಾಡಿದಾಗ ‘ಷೇರು ಏರುತ್ತದೋ ಇಳಿಯುತ್ತದೋ’ ಎಂಬ ಬಾಜಿಯಿಂದ ನೀವು ಹೊರಬರುತ್ತೀರಿ. ಆದರೆ ‘ಷೇರು ಎಷ್ಟು ಓಡಾಡುತ್ತದೆ’ ಎಂಬ ಇನ್ನೊಂದು ಬಾಜಿ ಉಳಿಯುತ್ತದೆ. ಅಂದಾಜಿಗಿಂತ ಕಡಿಮೆ ಓಡಾಡಿದರೆ ಮಾರಿದವರಿಗೆ ಲಾಭ, ಹೆಚ್ಚು ಓಡಾಡಿದರೆ ನಷ್ಟ. ಇದೇ ಕಾಲ್ ಅನ್ನು ಕೊಂಡು, ಷೇರು ಮಾರಿ ಹೆಡ್ಜ್ ಮಾಡಿದವರಿಗೆ ಎಲ್ಲವೂ ಉಲ್ಟಾ. ಅವರು ದಿನಾ 570 ರೂಪಾಯಿ ಕೊಡುತ್ತಾರೆ, ದೊಡ್ಡ ಚಲನೆ ಬಂದ ದಿನ ಎರಡೂ ಕಡೆ ಗಳಿಸುತ್ತಾರೆ.

ಮಾರಿದವರು ಮೋಸ ಹೋಗುವುದು ಕೂಲಿಯ ರೀತಿಯಿಂದ. ಒಂಬತ್ತು ಶಾಂತ ದಿನ 570 ರೂಪಾಯಿಯ ಆಸುಪಾಸಿನಲ್ಲಿ ಬಂದು, ಖಾತೆಯಲ್ಲಿ 5,000 ಸೇರಿ, ವಿಧಾನ ಗೆದ್ದಿತು ಎನಿಸುತ್ತದೆ. ಆ ಒಂಬತ್ತು ದಿನದ ಸ್ಕ್ರೀನ್‌ಶಾಟ್‌ಗಳೇ ಗುಂಪುಗಳಲ್ಲಿ ಹಂಚಿಕೆಯಾಗುತ್ತವೆ. ಹತ್ತನೇ ದಿನ 50 ರೂಪಾಯಿಯ ಒಂದು ಜಿಗಿತ ಅಷ್ಟನ್ನೂ ತೆಗೆದುಕೊಂಡು ಹೋಗುತ್ತದೆ.

ಎಕ್ಸ್‌ಪೈರಿ ಹತ್ತಿರ ಬಂದಾಗ

ಗಾಮಾ ದಿನದಿಂದ ದಿನಕ್ಕೆ ಬದಲಾಗುತ್ತದೆ. ಷೇರಿನ ಬೆಲೆ ಸ್ಟ್ರೈಕ್‌ನ ಹತ್ತಿರವೇ ಇದ್ದು ಎಕ್ಸ್‌ಪೈರಿ ಸಮೀಪಿಸಿದರೆ ಅದು ಜೋರಾಗಿ ಏರುತ್ತದೆ.

ನಮ್ಮ ಕಾಲ್‌ಗೆ ಇನ್ನು ಒಂದೇ ದಿನ ಬಾಕಿ, ಷೇರು 1000ದಲ್ಲೇ ಇದೆ ಎನ್ನಿ. ಗಾಮಾ 0.0046 ಇದ್ದದ್ದು ಈಗ 0.025 ಆಗಿರುತ್ತದೆ, ಐದು ಪಟ್ಟಿಗೂ ಹೆಚ್ಚು. ಡೆಲ್ಟಾ ಸುಮಾರು 0.50. ಷೇರು ಬರೀ 10 ರೂಪಾಯಿ ಏರಿದರೆ ಡೆಲ್ಟಾ 0.74ಕ್ಕೆ ಜಿಗಿಯುತ್ತದೆ, 10 ರೂಪಾಯಿ ಇಳಿದರೆ 0.26ಕ್ಕೆ ಬೀಳುತ್ತದೆ. 30 ದಿನ ಇದ್ದಾಗ 10 ರೂಪಾಯಿಗೆ 46 ಷೇರುಗಳ ಕೊರತೆ ಬಿದ್ದಿತ್ತು, ಈಗ ಸುಮಾರು 240 ಷೇರುಗಳ ಕೊರತೆ. ಆಗ 230 ರೂಪಾಯಿ ಇದ್ದ ನಷ್ಟ ಈಗ 1,200 ರೂಪಾಯಿ ದಾಟುತ್ತದೆ.

ಕಾರಣ ಹುಡುಕುವುದು ಕಷ್ಟವಲ್ಲ. ಎಕ್ಸ್‌ಪೈರಿಯ ಗಂಟೆ ಬಾರಿಸಿದಾಗ ಡೆಲ್ಟಾಗೆ ಎರಡೇ ದಾರಿ. ಷೇರು 1000ಕ್ಕಿಂತ ಮೇಲಿದ್ದರೆ 1, ಕೆಳಗಿದ್ದರೆ 0. ತಿಂಗಳ ಮೊದಲು ಈ ತೀರ್ಮಾನಕ್ಕೆ ಸಮಯವಿತ್ತು, ಹಾಗಾಗಿ ಡೆಲ್ಟಾ ನಿಧಾನವಾಗಿ ಜಾರುತ್ತಿತ್ತು. ಕೊನೆಯ ದಿನ ಅದೇ ತೀರ್ಮಾನ ಕೆಲವೇ ರೂಪಾಯಿಗಳ ಅಂತರದಲ್ಲಿ ಆಗಬೇಕು. ಎಕ್ಸ್‌ಪೈರಿ ದಿನ ಕೆಲವೇ ರೂಪಾಯಿಯ ಆಪ್ಷನ್ ಹತ್ತಾರು ಪಟ್ಟಾಗುವುದೂ, ಸೊನ್ನೆಯಾಗುವುದೂ ಇದರಿಂದಲೇ. ‘ಹೀರೋ–ಜೀರೋ’ ಎಂದು ಜನ ಕರೆಯುವ ಆಟದ ಹಿಂದಿರುವುದು ಈ ಗಾಮಾ.

ಷೇರು ಸ್ಟ್ರೈಕ್‌ನಿಂದ ಬಹಳ ದೂರವಿದ್ದರೆ ಮಾತ್ರ ಕೊನೆಯ ದಿನಗಳಲ್ಲಿ ಗಾಮಾ ಸೊನ್ನೆಯ ಹತ್ತಿರ ಬರುತ್ತದೆ, ಯಾಕೆಂದರೆ ತೀರ್ಮಾನ ಆಗಲೇ ಆಗಿಹೋಗಿರುತ್ತದೆ.

ನಮ್ಮ ದೇಶದಲ್ಲಿ ಷೇರುಗಳ ಆಪ್ಷನ್‌ಗಳಿಗೆ ಇನ್ನೊಂದು ನಿಯಮವಿದೆ. ಅವು ಹಣದಲ್ಲಿ ಮುಗಿದರೆ ನಿಜವಾದ ಷೇರುಗಳನ್ನೇ ಕೊಡಬೇಕು. ಷೇರು 1001ರಲ್ಲಿ ಮುಗಿದರೂ ನೀವು 1000 ಷೇರು ಒಪ್ಪಿಸಬೇಕು. ನಿಮ್ಮ ಬಳಿ ಇರುವುದು ಅರ್ಧವೇ ಆದರೆ ಉಳಿದದ್ದನ್ನು ಹೊಂದಿಸುವ ಹೊಣೆ ನಿಮ್ಮದು.

ಗಾಮಾವನ್ನೇ ಹೆಡ್ಜ್ ಮಾಡಬಹುದೇ?

ಮಾಡಬಹುದು, ಆದರೆ ಷೇರಿನಿಂದ ಆಗುವುದಿಲ್ಲ. ಷೇರಿನ ಡೆಲ್ಟಾ ಯಾವಾಗಲೂ 1, ಅದು ಬದಲಾಗುವುದೇ ಇಲ್ಲ, ಹಾಗಾಗಿ ಅದರ ಗಾಮಾ ಸೊನ್ನೆ. ಫ್ಯೂಚರ್ಸ್ ಕೂಡ ಹೆಚ್ಚುಕಡಿಮೆ ಹಾಗೆಯೇ. ಗಾಮಾ ಇರುವುದು ಆಪ್ಷನ್‌ಗಳಲ್ಲಿ ಮಾತ್ರ, ಆದ್ದರಿಂದ ಗಾಮಾ ಬೇಕೆಂದರೆ ಆಪ್ಷನ್ ಅನ್ನೇ ಕೊಳ್ಳಬೇಕು.

ಅದೇ ಎಕ್ಸ್‌ಪೈರಿಯ 1050 ಸ್ಟ್ರೈಕ್‌ನ ಕಾಲ್ ಒಂದು ಲಾಟ್ ಕೊಂಡಿರಿ ಎನ್ನಿ. ಬೆಲೆ 15.70ರ ಆಸುಪಾಸು, ಡೆಲ್ಟಾ 0.30, ಗಾಮಾ 0.0040. ಮಾರಿದ ಕಾಲ್‌ನ ಗಾಮಾ 0.0046 ಇತ್ತು, ಈಗ ಉಳಿದದ್ದು 0.0006 ಮಾತ್ರ. ಡೆಲ್ಟಾ ಕೂಡ 517ರಿಂದ 217ಕ್ಕೆ ಇಳಿಯುತ್ತದೆ, ಆದ್ದರಿಂದ ಷೇರು 217 ಸಾಕು.

ಈಗ ಷೇರು 1050ಕ್ಕೆ ಹಾರಿದರೆ ನಷ್ಟ 5,510ರ ಬದಲು 160 ರೂಪಾಯಿಯಷ್ಟು. 950ಕ್ಕೆ ಬಿದ್ದರೆ 5,770ರ ಬದಲು 1,250ರ ಆಸುಪಾಸು. ಎರಡೂ ಕಡೆ ದೊಡ್ಡ ರಕ್ಷಣೆ.

ಆದರೆ ಕೂಲಿ ನೋಡಿ. ಮಾರಿದ ಕಾಲ್‌ನಿಂದ ದಿನಕ್ಕೆ 570 ಬರುತ್ತದೆ, ಕೊಂಡ ಕಾಲ್‌ನಲ್ಲಿ ದಿನಕ್ಕೆ ಸುಮಾರು 500 ಕರಗುತ್ತದೆ. ಕೈಯಲ್ಲಿ ಉಳಿಯುವುದು 70 ರೂಪಾಯಿ. ಗಾಮಾ ಅಪಾಯ ಎಷ್ಟು ಕಡಿಮೆಯಾಯಿತೋ ಆದಾಯವೂ ಅದೇ ಪ್ರಮಾಣದಲ್ಲಿ ಕಡಿಮೆಯಾಯಿತು. ಕೂಲಿಯೂ ಪೂರ್ತಿ ಬರಬೇಕು, ಅಪಾಯವೂ ಇರಬಾರದು ಎಂಬ ವ್ಯವಸ್ಥೆ ಈ ಲೆಕ್ಕದಲ್ಲಿ ಎಲ್ಲೂ ಸಿಗುವುದಿಲ್ಲ.

ನಿಮ್ಮ ಪೊಸಿಷನ್ ಅನ್ನು ನೀವೇ ಅಳೆಯುವುದು ಹೇಗೆ?

ಹಲವು ಬ್ರೋಕರ್ ಆಪ್‌ಗಳ ಆಪ್ಷನ್ ಚೈನ್‌ನಲ್ಲಿ ಡೆಲ್ಟಾ, ಗಾಮಾ, ಥೀಟಾ ಕಾಣುತ್ತವೆ. ಅಲ್ಲಿರುವ ಗಾಮಾವನ್ನು ಲಾಟ್‌ನ ಷೇರುಗಳ ಸಂಖ್ಯೆಯಿಂದ ಗುಣಿಸಿ. ಮಾರಿದ್ದರೆ ಮೈನಸ್, ಕೊಂಡಿದ್ದರೆ ಪ್ಲಸ್ ಹಾಕಿ, ಎಲ್ಲ ಆಪ್ಷನ್‌ಗಳದ್ದನ್ನೂ ಕೂಡಿಸಿ. ಬಂದದ್ದು ಮೈನಸ್ ಆದರೆ ನೀವು ಶಾರ್ಟ್ ಗಾಮಾ. ಆಮೇಲೆ ಷೇರು ನಾಳೆ ಬೆಳಗ್ಗೆ ಶೇ. 5ರ ಗ್ಯಾಪ್‌ನಲ್ಲಿ ತೆರೆದರೆ ಎಂದುಕೊಂಡು, ಆ ಚಲನೆಯನ್ನು ಅದರಿಂದಲೇ ಗುಣಿಸಿ, ಗಾಮಾದಿಂದಲೂ ಗುಣಿಸಿ, ಅರ್ಧ ಮಾಡಿ. ಆ ಮೊತ್ತವನ್ನು ದಿನದ ಥೀಟಾದಿಂದ ಭಾಗಿಸಿ. ಒಂದು ಕೆಟ್ಟ ಬೆಳಗ್ಗೆ ಎಷ್ಟು ದಿನಗಳ ಕೂಲಿಯನ್ನು ನುಂಗಬಲ್ಲದು ಎಂದು ತಿಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಸುಮಾರು ಹತ್ತು ದಿನ. ಎಕ್ಸ್‌ಪೈರಿ ವಾರದಲ್ಲಿ ಇದೇ ಲೆಕ್ಕವನ್ನು ದಿನವೂ ಹೊಸದಾಗಿ ಮಾಡಬೇಕು.

ಒಂದು ಮಿತಿಯನ್ನು ನೆನಪಿಡಿ. ಆಪ್‌ನಲ್ಲಿ ಕಾಣುವ ಡೆಲ್ಟಾ, ಗಾಮಾ ಎರಡೂ ಐವಿಯನ್ನು ಆಧರಿಸಿದ ಅಂದಾಜುಗಳು. ಐವಿಯೇ ಏರಿದರೆ ಷೇರು ಕದಲದಿದ್ದರೂ ಮಾರಿದ ಆಪ್ಷನ್ ದುಬಾರಿಯಾಗುತ್ತದೆ. ಅದು ವೇಗಾ ಎಂಬ ಬೇರೆಯ ಅಪಾಯ, ಡೆಲ್ಟಾ ಹೆಡ್ಜ್ ಅದನ್ನು ಮುಟ್ಟುವುದೂ ಇಲ್ಲ.

ಕೊನೆಗೆ, ಆ ಮೆಸೇಜು ನಿಜವೇ?

‘ಡೆಲ್ಟಾ ಹೆಡ್ಜ್ ಮಾಡಿದರೆ ಮಾರುಕಟ್ಟೆಯ ದಿಕ್ಕು ಮುಖ್ಯವಲ್ಲ’ ಎನ್ನುವುದು ಸಣ್ಣ ಚಲನೆಗಳಿಗೆ ನಿಜ. ‘ಹಾಗಾಗಿ ನಷ್ಟವೇ ಇಲ್ಲ’ ಎನ್ನುವುದು ಸುಳ್ಳು. ಆಪ್ಷನ್ ಮಾರಿ ಹೆಡ್ಜ್ ಮಾಡಿದವರಿಗೆ ದೊಡ್ಡ ಚಲನೆ ಯಾವ ಕಡೆಗೆ ಬಂದರೂ ನಷ್ಟವೇ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವಹಿವಾಟು ನಡೆಸಿದ ಸಾಮಾನ್ಯ ವ್ಯಕ್ತಿಗಳಲ್ಲಿ ಶೇ. 93ರಷ್ಟು ಮಂದಿ ನಷ್ಟ ಅನುಭವಿಸಿದ್ದಾರೆ. ಅದಕ್ಕೆ ಗಾಮಾ ಒಂದೇ ಕಾರಣವಲ್ಲ.

ಮುಂದಿನ ಸಲ ‘ಡೆಲ್ಟಾ ನ್ಯೂಟ್ರಲ್, ಜೀರೋ ರಿಸ್ಕ್’ ಎಂಬ ಮೆಸೇಜು ಬಂದರೆ ಕಳಿಸಿದವರಿಗೆ ಎರಡು ಪ್ರಶ್ನೆ ಕೇಳಿ: “ಗಾಮಾ ಎಷ್ಟು? ನಾಳೆ ಶೇ. 5ರ ಗ್ಯಾಪ್ ಬಂದರೆ ಎಷ್ಟು ಹೋಗುತ್ತದೆ?” ರೂಪಾಯಿಯಲ್ಲಿ ಉತ್ತರ ಬರದಿದ್ದರೆ ಆ ಮೆಸೇಜನ್ನು ಅಲ್ಲಿಗೇ ನಿಲ್ಲಿಸಿ.